ಆರು ಯಂತ್ರ, ಹನ್ನೆರಡು ಸೀಟು: ಹೊಲಿಗೆ ತರಗತಿಯ ಶುಲ್ಕವನ್ನು ಲೆಕ್ಕ ಹಾಕಿದ ಬಗೆ

ದಾವಣಗೆರೆಯಲ್ಲಿ ನನ್ನ ಅತ್ತಿಗೆ ಹೊಲಿಗೆ ತರಗತಿ ನಡೆಸುತ್ತಾರೆ. ಮೊದಲ ಮಹಡಿಯಲ್ಲಿ ಬಾಡಿಗೆಗೆ ಹಿಡಿದ ಒಂದು ಕೋಣೆ, ಆರು ಯಂತ್ರ, ಗೋಡೆಯ ಪಕ್ಕಕ್ಕೆ ಉದ್ದನೆಯ ಕಟಿಂಗ್ ಮೇಜು. ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡೂವರೆಯವರೆಗೆ ಒಂದು ಬ್ಯಾಚ್, ಮಧ್ಯಾಹ್ನ ಎರಡೂವರೆಯಿಂದ ನಾಲ್ಕೂವರೆಯವರೆಗೆ ಇನ್ನೊಂದು. ಮೂರು ತಿಂಗಳ ಕೋರ್ಸು, ತಿಂಗಳಿಗೆ 1,800 ರೂಪಾಯಿ. ಈ 1,800 ಎಲ್ಲಿಂದ ಬಂತು ಎಂದು ಕೇಳಿದರೆ ಅವರ ಉತ್ತರ ನೇರವಾಗಿತ್ತು: "ಪಕ್ಕದ ರಸ್ತೆಯಲ್ಲಿ ಎರಡು ಸಾವಿರ ತೆಗೆದುಕೊಳ್ಳುತ್ತಾರೆ. ನಾನು ಹೊಸಬಳು, ಇನ್ನೂರು ಕಡಿಮೆ ಇಟ್ಟೆ."

ಕಲಿಯಲು ಬರುವವರಿಗೆ ಕೊರತೆ ಇರಲಿಲ್ಲ. ಹೊಸ ಬ್ಯಾಚ್ ಆರಂಭವಾದಾಗ ಹೆಚ್ಚಿನ ಸಲ ಆರೂ ಯಂತ್ರಗಳು ಭರ್ತಿಯಾಗುತ್ತಿದ್ದವು. ಆದರೂ ತಿಂಗಳ ಕೊನೆಯಲ್ಲಿ ಕೈಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಒಂದು ರಾತ್ರಿ ಹಾಜರಿ ಪುಸ್ತಕ, ರಸೀದಿ ಪುಸ್ತಕ ಎರಡನ್ನೂ ಮುಂದಿಟ್ಟುಕೊಂಡು ಕುಳಿತೆವು. ಆಗ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಂಕಿಗಳು ಒಂದು ಊರಿನ ಒಂದು ಕೋಣೆಯವು. ನಿಮ್ಮ ಬಾಡಿಗೆ, ನಿಮ್ಮ ಊರಿನ ಹೊಲಿಗೆ ಕೂಲಿ ಬೇರೆ ಇರಬಹುದು. ಲೆಕ್ಕದ ದಾರಿ ಮಾತ್ರ ಇದೇ.

ಮೊದಲು ಎಷ್ಟು ಸೀಟು ಇದೆ ಎಂಬುದನ್ನು ಖಚಿತ ಮಾಡಿಕೊಳ್ಳಬೇಕು. ಆರು ಯಂತ್ರವಿದ್ದರೆ ಆರು ಸೀಟು ಎನ್ನುವುದು ಅವಸರದ ಉತ್ತರ. ಹೊಲಿಗೆ ತರಗತಿಯಲ್ಲಿ ಎಲ್ಲರೂ ಸದಾ ಯಂತ್ರದ ಮುಂದೆ ಕುಳಿತಿರುವುದಿಲ್ಲ. ಇಬ್ಬರು ಬ್ರೌನ್ ಪೇಪರಿನ ಮೇಲೆ ಅಳತೆ ಹಾಕುತ್ತಿರುತ್ತಾರೆ, ಒಬ್ಬರು ಬಟ್ಟೆ ಕತ್ತರಿಸುತ್ತಿರುತ್ತಾರೆ, ಇನ್ನೊಬ್ಬರು ಕಿಟಕಿಯ ಬಳಿ ಕುಳಿತು ಹುಕ್ಕು ಹೊಲಿಯುತ್ತಿರುತ್ತಾರೆ. ಯಂತ್ರವೊಂದನ್ನೇ ನೋಡಿದರೆ ಎಂಟು ಜನರನ್ನು ಕೂರಿಸಬಹುದು. ಅತ್ತಿಗೆ ಒಮ್ಮೆ ಹಾಗೆ ಎಂಟು ಜನರನ್ನು ಸೇರಿಸಿಕೊಂಡೂ ನೋಡಿದ್ದರು. ಆ ಬ್ಯಾಚಿನಲ್ಲಿ ತೋಳು ಕೂರಿಸುವ ಪಾಠ ಮೂರು ದಿನದ ಬದಲು ಆರು ದಿನ ಎಳೆಯಿತು.

ಕಾರಣ ಅವರ ಸಮಯ. ಎರಡು ಗಂಟೆ ಎಂದರೆ 120 ನಿಮಿಷ. ಆ ದಿನದ ಪಾಠವನ್ನು ಎಲ್ಲರಿಗೂ ತೋರಿಸಲು ಇಪ್ಪತ್ತು ನಿಮಿಷ, ಕೊನೆಯಲ್ಲಿ ಚಿಂದಿ ಬಳಿದು ಯಂತ್ರ ಮುಚ್ಚಲು ಹತ್ತು ನಿಮಿಷ ಬೇಕು. ಉಳಿಯುವುದು ತೊಂಬತ್ತು ನಿಮಿಷ. ಹೊಸದಾಗಿ ಕಲಿಯುವವರ ಪಕ್ಕದಲ್ಲಿ ನಿಂತು, ತಪ್ಪಿದ ಹೊಲಿಗೆ ಬಿಚ್ಚಿಸಿ, ಮತ್ತೆ ಹಾಕಿಸಲು ಒಬ್ಬರಿಗೆ ಹದಿನೈದು ನಿಮಿಷವಾದರೂ ಬೇಕು. ತೊಂಬತ್ತನ್ನು ಹದಿನೈದರಿಂದ ಭಾಗಿಸಿದರೆ ಆರು. ಯಂತ್ರ, ಮೇಜು, ಕಲಿಸುವವರ ನಿಮಿಷ, ಈ ಮೂರರಲ್ಲಿ ಯಾವುದು ಕಡಿಮೆ ಜನರಿಗೆ ಸಾಲುತ್ತದೆಯೋ ಅದೇ ಸೀಟುಗಳ ಸಂಖ್ಯೆ. ಎರಡು ಬ್ಯಾಚಿಗೆ ಹನ್ನೆರಡು ಸೀಟು. ವರ್ಷದ ಹನ್ನೆರಡು ತಿಂಗಳಿಗೆ ಲೆಕ್ಕ ಹಾಕಿದರೆ 144 'ಸೀಟು-ತಿಂಗಳು'. ಈ ಸೀಟು-ತಿಂಗಳು ಎಂಬ ಅಳತೆಯನ್ನು ಇಟ್ಟುಕೊಂಡರೆ ಮುಂದಿನದು ಸುಲಭ.

ಇನ್ನು ಖರ್ಚು. ಬಾಡಿಗೆ 6,000, ಕರೆಂಟು 900, ಎಣ್ಣೆ, ಬೆಲ್ಟು, ಸೂಜಿ, ರಿಪೇರಿಗೆ 600, ಗುಡಿಸುವುದು, ಫೋನು, ಕರಪತ್ರ ಎಲ್ಲ ಸೇರಿ 750. ಇವು ಯಾರಾದರೂ ಬರೆಯುವ ಖರ್ಚುಗಳೇ. ಅತ್ತಿಗೆ ಬಿಟ್ಟಿದ್ದ ಮೊದಲನೆಯ ಬಾಬತ್ತು ಯಂತ್ರದ ಸವಕಳಿ. ಆರು ಯಂತ್ರಗಳಿಗೆ 54,000 ಕೊಟ್ಟಿದ್ದರು. ಕಲಿಯುವವರ ಕೈಯಲ್ಲಿ ಯಂತ್ರ ಬೇಗ ಸವೆಯುತ್ತದೆ. ಆರು ವರ್ಷ ಬಾಳುತ್ತದೆ ಎಂದುಕೊಂಡರೂ ತಿಂಗಳಿಗೆ 750 ರೂಪಾಯಿ ತೆಗೆದಿಡಬೇಕು, ಇಲ್ಲದಿದ್ದರೆ ಆರನೆಯ ವರ್ಷ ಸಾಲ ಮಾಡಬೇಕಾಗುತ್ತದೆ. ಒಟ್ಟು 9,000. ಒಬ್ಬರು ಬಂದರೂ ಹನ್ನೆರಡು ಜನ ಬಂದರೂ ಈ 9,000 ಬದಲಾಗುವುದಿಲ್ಲ. ಒಬ್ಬ ವಿದ್ಯಾರ್ಥಿನಿ ಹೆಚ್ಚಾದರೆ ಹೆಚ್ಚುವುದು ಬ್ರೌನ್ ಪೇಪರ್, ದಾರ, ಚಾಕಿನ ಖರ್ಚು ಮಾತ್ರ, ತಿಂಗಳಿಗೆ ಸುಮಾರು 150. ಬಟ್ಟೆಯನ್ನು ಅವರೇ ತರುತ್ತಾರೆ.

ಎರಡನೆಯದು ಇನ್ನೂ ದೊಡ್ಡದು: ಅವರ ದುಡಿಮೆ. "ನನ್ನ ಕೆಲಸಕ್ಕೆ ನಾನೇ ಸಂಬಳ ಬರೆದುಕೊಳ್ಳುವುದೇ?" ಎಂದು ಅತ್ತಿಗೆ ಸಂಕೋಚಪಟ್ಟರು. ನಾನು ಬೇರೆ ರೀತಿಯಲ್ಲಿ ಕೇಳಿದೆ. ಈ ತರಗತಿ ಇಲ್ಲದಿದ್ದರೆ ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದಿರಿ? ಮನೆಯಲ್ಲಿ ಆರ್ಡರ್ ಬ್ಲೌಸ್ ಹೊಲಿಯುತ್ತಿದ್ದೆ ಎಂದರು. ಲೈನಿಂಗ್ ಬ್ಲೌಸಿಗೆ ಅವರು 350 ರೂಪಾಯಿ ತೆಗೆದುಕೊಳ್ಳುತ್ತಾರೆ. ಲೈನಿಂಗ್ ಬಟ್ಟೆ, ದಾರ, ಹುಕ್ಕು ಕಳೆದರೆ 280 ಉಳಿಯುತ್ತದೆ. ಕತ್ತರಿಸಿ ಹೊಲಿದು ಮುಗಿಸಲು ಎರಡು ಗಂಟೆ. ಅಂದರೆ ಗಂಟೆಗೆ 140. ತರಗತಿಗೆ ದಿನಕ್ಕೆ ಐದು ಗಂಟೆ ಹೋಗುತ್ತದೆ: ಕಲಿಸಲು ನಾಲ್ಕು, ಮುಂಚೆ ಹೋಗಿ ಯಂತ್ರಗಳಿಗೆ ದಾರ ಪೋಣಿಸಿ ಸಿದ್ಧ ಮಾಡಲು ಒಂದು. ತಿಂಗಳಿಗೆ 24 ದಿನ, 120 ಗಂಟೆ, 16,800 ರೂಪಾಯಿ. ಆಷಾಢದಲ್ಲಿ ಆರ್ಡರ್ ಇರುವುದಿಲ್ಲ ನಿಜ, ಆದರೆ ಮದುವೆಯ ದಿನಗಳಲ್ಲಿ ತರಗತಿಗಾಗಿ ಆರ್ಡರ್ ವಾಪಸು ಕಳಿಸುತ್ತಾರೆ, ಹಾಗಾಗಿ ವರ್ಷದ ಮೇಲೆ ಸರಿಹೋಗುತ್ತದೆ. ಹೊಲಿಗೆ, ಯೋಗ, ಮನೆಪಾಠ ಯಾವುದೇ ಇರಲಿ, ನಮ್ಮೂರುಗಳಲ್ಲಿ ಹೆಚ್ಚಾಗಿ ಹೆಂಗಸರೇ ನಡೆಸುವ ಈ ತರಗತಿಗಳಲ್ಲಿ ಕಾಗದದ ಮೇಲೆ ಬಾರದೆ ಉಳಿಯುವುದು ಇದೇ ಬಾಬತ್ತು. ಇದನ್ನು ಬರೆಯದೆ ಶುಲ್ಕ ಕಟ್ಟಿದರೆ ವಿದ್ಯಾರ್ಥಿನಿಯರ ಶುಲ್ಕದ ಅರ್ಧವನ್ನು ಟೀಚರೇ ತುಂಬಿದಂತೆ ಆಗುತ್ತದೆ.

ತಿಂಗಳ ಒಟ್ಟು ಹೊರೆ 9,000 ಮತ್ತು 16,800 ಸೇರಿ 25,800. ಇದನ್ನು ಹನ್ನೆರಡು ಸೀಟಿಗೆ ಭಾಗಿಸಿದರೆ 2,150, ಸಾಮಾನಿನ 150 ಸೇರಿಸಿದರೆ 2,300. ಅತ್ತಿಗೆಗೆ ಸಮಾಧಾನವಾಯಿತು. "ಐನೂರು ಏರಿಸಿದರೆ ಸಾಕಲ್ಲ!" ಎಂದರು.

ಸಾಲುವುದಿಲ್ಲ, ಏಕೆಂದರೆ ಹನ್ನೆರಡು ಸೀಟೂ ತುಂಬಿದ ತಿಂಗಳು ವರ್ಷದಲ್ಲಿ ಬೆರಳೆಣಿಕೆಯಷ್ಟು. ಅಂಗಡಿಯಲ್ಲಿ ಇಂದು ಮಾರಾಟವಾಗದ ದಾರದ ಉಂಡೆ ನಾಳೆ ಮಾರಾಟವಾಗುತ್ತದೆ. ಜೂನ್ ತಿಂಗಳಲ್ಲಿ ಖಾಲಿ ಉಳಿದ ಸೀಟನ್ನು ಜುಲೈನಲ್ಲಿ ಮಾರಲಾಗುವುದಿಲ್ಲ. ಬಸ್ಸು ಬಿಟ್ಟ ಮೇಲೆ ಖಾಲಿ ಉಳಿದ ಸೀಟಿನ ಹಾಗೆ ಅದು ಹೋಯಿತು, ಬಾಡಿಗೆ ಮಾತ್ರ ಕೊಟ್ಟಾಯಿತು. ಆದ್ದರಿಂದ ಭಾಗಿಸಬೇಕಾದದ್ದು ಇರುವ ಸೀಟಿನಿಂದಲ್ಲ, ಹಣ ಬಂದ ಸೀಟಿನಿಂದ. ರಸೀದಿ ಪುಸ್ತಕದಲ್ಲಿ ಒಂದು ವರ್ಷದ ರಸೀದಿಗಳನ್ನು ಎಣಿಸಿದೆವು: 144ರಲ್ಲಿ 102. ತಿಂಗಳಿಗೆ ಸರಾಸರಿ ಎಂಟೂವರೆ ಸೀಟು. 25,800ನ್ನು ಎಂಟೂವರೆಯಿಂದ ಭಾಗಿಸಿ 150 ಕೂಡಿಸಿದರೆ ಸುಮಾರು 3,185 ಆಗುತ್ತದೆ.

1,800ಕ್ಕೆ ಕಲಿಸುತ್ತಿದ್ದಾಗ ಅವರ ಕೈಗೆ ಏನು ಬರುತ್ತಿತ್ತು ಎಂಬುದನ್ನೂ ನೋಡಿದೆವು. ತಿಂಗಳಿಗೆ 15,300 ಶುಲ್ಕ. ಅದರಲ್ಲಿ ಸಾಮಾನಿಗೆ 1,275, ಕೋಣೆಯ ಖರ್ಚು 9,000 ಹೋದರೆ ಉಳಿದದ್ದು 5,025. ನೂರಿಪ್ಪತ್ತು ಗಂಟೆಗೆ ಹಂಚಿದರೆ ಗಂಟೆಗೆ 42 ರೂಪಾಯಿ. ಅದೇ ಕೈಗಳು ಮನೆಯಲ್ಲಿ ಬ್ಲೌಸ್ ಹೊಲಿದರೆ ಗಂಟೆಗೆ 140. ಅತ್ತಿಗೆ ಬಹಳ ಹೊತ್ತು ಮಾತನಾಡಲಿಲ್ಲ.

ಇಲ್ಲಿ ನಿಂತು ಶುಲ್ಕವನ್ನು ನೇರವಾಗಿ 3,200ಕ್ಕೆ ಏರಿಸಿಬಿಡುವುದು ಅಪಾಯ. ಶುಲ್ಕ ಏರಿದರೆ ಸೀಟು ಇನ್ನಷ್ಟು ಖಾಲಿಯಾಗುತ್ತದೆ, ಖಾಲಿಯಾದರೆ ಮತ್ತೆ ಏರಿಸಬೇಕಾಗುತ್ತದೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ, ಆ 42 ಸೀಟು-ತಿಂಗಳು ಖಾಲಿಯಾದದ್ದು ಎಲ್ಲಿ?

ಹಾಜರಿ ಪುಸ್ತಕವನ್ನು ತಿಂಗಳ ಪ್ರಕಾರ ಅಲ್ಲ, ಕೋರ್ಸಿನ ಎಷ್ಟನೆಯ ತಿಂಗಳು ಎಂಬ ಪ್ರಕಾರ ವಿಂಗಡಿಸಿದೆವು. ವರ್ಷಕ್ಕೆ ಎಂಟು ಬ್ಯಾಚ್, ಪ್ರತಿಯೊಂದರಲ್ಲೂ ಆರು ಸೀಟು, ಅಂದರೆ ಕೋರ್ಸಿನ ಪ್ರತಿ ತಿಂಗಳಿಗೂ 48 ಸೀಟು. ಮೊದಲನೆಯ ತಿಂಗಳಲ್ಲಿ 46 ತುಂಬಿತ್ತು. ಎರಡನೆಯ ತಿಂಗಳಲ್ಲಿ 38. ಮೂರನೆಯ ತಿಂಗಳಲ್ಲಿ 18.

ಏಕೆಂದು ಪಾಠದ ಪಟ್ಟಿಯೇ ಹೇಳುತ್ತಿತ್ತು. ಮೊದಲ ತಿಂಗಳು ನೇರ ಹೊಲಿಗೆ, ಕೈಹೊಲಿಗೆ, ಲಂಗ, ಮಗುವಿನ ಫ್ರಾಕು. ಎರಡನೆಯ ತಿಂಗಳು ಸಾದಾ ಬ್ಲೌಸ್, ಲೈನಿಂಗ್ ಬ್ಲೌಸ್. ಮೂರನೆಯ ತಿಂಗಳು ಕಟೋರಿ, ಪ್ರಿನ್ಸೆಸ್ ಕಟ್, ಕುತ್ತಿಗೆಯ ಡಿಸೈನುಗಳು, ಚೂಡಿದಾರ್. ಬರುವವರಲ್ಲಿ ಹೆಚ್ಚಿನವರಿಗೆ ಬೇಕಾಗಿದ್ದದ್ದು ತಮ್ಮ ಮೈಗೆ ಸರಿಹೊಂದುವ ಒಂದು ಲೈನಿಂಗ್ ಬ್ಲೌಸ್. ಅದು ಕೈಗೆ ಬಂದ ದಿನ ಅವರ ಕೋರ್ಸು ಮುಗಿಯಿತು. ಅತ್ತಿಗೆ ಇದನ್ನು ತಮ್ಮ ಪಾಠದ ದೋಷವೆಂದು ವರ್ಷವಿಡೀ ನೊಂದುಕೊಂಡಿದ್ದರು. ಪಾಠ ಚೆನ್ನಾಗಿದ್ದದ್ದಕ್ಕೇ ಅವರು ಎರಡು ತಿಂಗಳಲ್ಲಿ ಕಲಿತು ಹೊರಟರು. ತಪ್ಪಿದ್ದದ್ದು ಪೊಟ್ಟಣ ಕಟ್ಟಿದ ಬಗೆಯಲ್ಲಿ. ಅವರು ಕೊಳ್ಳುತ್ತಿದ್ದದ್ದು ಬ್ಲೌಸ್, ನಾವು ಮಾರುತ್ತಿದ್ದದ್ದು ತಿಂಗಳು.

ಹೊಲಿಗೆಯಲ್ಲಿ ಮಧ್ಯದಲ್ಲಿ ಖಾಲಿಯಾದ ಸೀಟಿಗೆ ಹೊಸಬರನ್ನು ಕೂರಿಸುವುದೂ ಕಷ್ಟ. ಐದು ಜನ ಪ್ರಿನ್ಸೆಸ್ ಕಟ್ ಹಾಕುತ್ತಿರುವಾಗ ಆರನೆಯವರಿಗೆ ಪೆಡಲ್ ತುಳಿಯುವುದನ್ನು ಹೇಳಿಕೊಡಲು ಹೋದರೆ ಹದಿನೈದು ನಿಮಿಷದ ಲೆಕ್ಕ ಕೆಡುತ್ತದೆ. ಯೋಗ ತರಗತಿಯವರಿಗೆ ಈ ತೊಂದರೆ ಇಲ್ಲ. ಅಲ್ಲಿ ಯಾರು ಯಾವ ದಿನ ಸೇರಿದರೂ ಸೂರ್ಯನಮಸ್ಕಾರದಿಂದ ಆರಂಭಿಸಬಹುದು, ಹಾಗಾಗಿ ಯೋಗಕ್ಕೆ ತಿಂಗಳ ಶುಲ್ಕ ಸರಿಯಾಗಿಯೇ ಒಗ್ಗುತ್ತದೆ. ಮೇಲಾಗಿ ಹಣ ಕಟ್ಟಿದವರೆಲ್ಲ ದಿನಾ ಬರುವುದಿಲ್ಲ. ಹದಿನೈದು ಚಾಪೆ ಹಾಸುವ ಸ್ಥಳವಿದ್ದು, ಹದಿನೆಂಟು ಸದಸ್ಯರಿದ್ದಾಗಲೂ ಯಾವ ದಿನದ ಹಾಜರಿಯೂ ಹದಿನಾಲ್ಕು ದಾಟಿಲ್ಲವೆಂದರೆ, ಹದಿನೆಂಟು ಜನರಿಂದ ಶುಲ್ಕ ಪಡೆಯುವುದರಲ್ಲಿ ಅನ್ಯಾಯವಿಲ್ಲ. ಜನವರಿಯ ಮೊದಲ ವಾರ ಮತ್ತು ಜೂನ್ 21ರ ಯೋಗ ದಿನದ ಆಸುಪಾಸಿನ ನೂಕುನುಗ್ಗಲನ್ನು ಮಾತ್ರ ಮುಂಚೆಯೇ ಯೋಚಿಸಿರಬೇಕು. ಮನೆಪಾಠದ ಸ್ವಭಾವ ಮೂರನೆಯ ಬಗೆಯದು. ಜೂನ್‌ನಲ್ಲಿ ತುಂಬಿದ ಸೀಟು ಪರೀಕ್ಷೆಯವರೆಗೆ ಅಲುಗಾಡುವುದಿಲ್ಲ, ಬೇಸಿಗೆಯಲ್ಲಿ ಇಡೀ ಕೋಣೆ ಖಾಲಿ. ಅವರು ವರ್ಷದ ಹೊರೆಯನ್ನು ಹನ್ನೆರಡರಿಂದ ಭಾಗಿಸದೆ ಹತ್ತು ತಿಂಗಳಿನಿಂದ ಭಾಗಿಸಬೇಕು. ಸೀಟು ಎಲ್ಲಿ, ಯಾವಾಗ ಖಾಲಿಯಾಗುತ್ತದೆ ಎಂಬುದರ ಮೇಲೆ ಪೊಟ್ಟಣದ ಆಕಾರ ನಿಲ್ಲುತ್ತದೆ.

ನಮ್ಮ ಕೋಣೆಗೆ ಬರೋಣ. ಕೋರ್ಸನ್ನು ಎರಡಾಗಿ ಕತ್ತರಿಸಿದೆವು. ಎರಡು ತಿಂಗಳ ಬ್ಲೌಸ್ ಕೋರ್ಸು ಒಂದು; ಅದಕ್ಕೆ ತಿಂಗಳ ಶುಲ್ಕವಿಲ್ಲ, ಇಡೀ ಕೋರ್ಸಿಗೆ ಒಂದೇ ಶುಲ್ಕ. ಒಂದು ತಿಂಗಳ ಡಿಸೈನ್ ಕೋರ್ಸು ಇನ್ನೊಂದು. ಅದಕ್ಕೆ ಬೇರೆ ಪ್ರವೇಶ, ಬೇರೆ ಕಡೆ ಬ್ಲೌಸ್ ಕಲಿತವರೂ ಸೇರಬಹುದು. ಬೆಳಗಿನ ಬ್ಯಾಚಿನಲ್ಲಿ ವರ್ಷವಿಡೀ ಬ್ಲೌಸ್ ಕೋರ್ಸೇ ಒಂದರ ಹಿಂದೊಂದು ನಡೆಯುತ್ತದೆ. ಮಧ್ಯಾಹ್ನದ ಬ್ಯಾಚಿನಲ್ಲಿ ಎರಡು ತಿಂಗಳು ಬ್ಲೌಸ್, ಮೂರನೆಯ ತಿಂಗಳು ಡಿಸೈನ್. ಮೊದಲು ಎಂಟು ಬ್ಯಾಚುಗಳಲ್ಲಿ ಚದುರಿಹೋಗಿದ್ದ ಡಿಸೈನ್ ಆಸಕ್ತರು ಈಗ ವರ್ಷದ ನಾಲ್ಕು ತಿಂಗಳಲ್ಲಿ, 24 ಸೀಟುಗಳಲ್ಲಿ ಒಟ್ಟಿಗೆ ಕೂರುತ್ತಾರೆ.

ಶುಲ್ಕ ಎಷ್ಟು? ಕೆಳಗಿನ ಮಿತಿಯನ್ನು ನಮ್ಮ ಖರ್ಚು ಹೇಳುತ್ತದೆ, ಮೇಲಿನ ಮಿತಿಯನ್ನು ಕಲಿಯುವವರ ಲಾಭ ಹೇಳುತ್ತದೆ. ಮನೆಯಲ್ಲಿ ತಾಯಿ, ಮಗಳು, ಅತ್ತೆಯ ಬ್ಲೌಸುಗಳು ಸೇರಿ ವರ್ಷಕ್ಕೆ ಹದಿನೈದಿಪ್ಪತ್ತು ಹೊಲಿಸುವುದು ಸಾಮಾನ್ಯ. ಒಂದು ಬ್ಲೌಸಿಗೆ 280 ಉಳಿದರೂ ಇಪ್ಪತ್ತಕ್ಕೆ 5,600. ವರ್ಷದೊಳಗೆ ಹಣ ವಾಪಸು ಬರುತ್ತದೆ ಎಂದು ಅವರಿಗೆ ತೋರಿಸಬಹುದಾದ ಅಂಕಿ 5,500. ಪಕ್ಕದ ರಸ್ತೆಯ ಶುಲ್ಕಕ್ಕಿಂತ ಈ ಅಳತೆಗೋಲು ಹೆಚ್ಚು ನಂಬಲರ್ಹ, ಏಕೆಂದರೆ ಪಕ್ಕದ ರಸ್ತೆಯವರ ಕೋಣೆ ಸ್ವಂತದ್ದೋ ಬಾಡಿಗೆಯದೋ ನಮಗೆ ಗೊತ್ತಿಲ್ಲ, ಅವರೂ ಗಂಟೆಗೆ 42ಕ್ಕೆ ದುಡಿಯುತ್ತಿರಬಹುದು. ಉಚಿತ ತರಬೇತಿಯೂ ಇದೆ ಎಂಬುದನ್ನು ಮರೆಯಬಾರದು. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಬ್ಯಾಂಕುಗಳು ನಡೆಸುವ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಗ್ರಾಮೀಣ ಯುವಜನರಿಗೆ ಊಟ, ವಸತಿ ಸಹಿತ ಹೊಲಿಗೆ ಕಲಿಸುತ್ತವೆ. ಅಂಗಡಿ ಇಡುವ ಆಸೆಯಿರುವ ಹಳ್ಳಿಯ ಹುಡುಗಿ ಬಂದು ವಿಚಾರಿಸಿದರೆ ಅತ್ತಿಗೆ ಮೊದಲು ಅದನ್ನೇ ಹೇಳುತ್ತಾರೆ. ನಮ್ಮಲ್ಲಿಗೆ ಬರುವುದು ಮಗುವನ್ನು ಶಾಲೆಗೆ ಬಿಟ್ಟು, ಎರಡು ಗಂಟೆ ಕಲಿತು, ಊಟದ ಹೊತ್ತಿಗೆ ಮನೆ ಸೇರಬೇಕಾದವರು. 5,500 ಕೊಡುವುದು ಆ ಅನುಕೂಲಕ್ಕೆ ಮತ್ತು ತಮ್ಮ ಪಕ್ಕದಲ್ಲಿ ಟೀಚರ್ ನಿಲ್ಲುವ ಹದಿನೈದು ನಿಮಿಷಕ್ಕೆ.

ಡಿಸೈನ್ ತಿಂಗಳಿಗೆ 4,000 ಎಂದು ಬರೆದೆವು. ಅದನ್ನು ಕಲಿಯುವವರು ಹೆಚ್ಚಾಗಿ ಕೂಲಿಗೆ ಹೊಲಿಯುವವರು, ಡಿಸೈನ್ ಬ್ಲೌಸಿನ ಕೂಲಿಯೂ ಹೆಚ್ಚು. ಈಗ ವರ್ಷದ ಲೆಕ್ಕ. ಕಳೆದ ವರ್ಷ ಸೇರಿದ್ದ 46 ಜನರಲ್ಲಿ ಇಬ್ಬರು ಶುಲ್ಕ ನೋಡಿ ಹಿಂದೆ ಸರಿದರು, 44 ಜನ ಬ್ಲೌಸ್ ಕೋರ್ಸಿಗೆ ಬಂದರು, ಡಿಸೈನಿಗೆ ಹಳೆಯ 18 ಜನರೇ ಬಂದರು ಎಂದುಕೊಳ್ಳೋಣ. 2,42,000 ಮತ್ತು 72,000 ಸೇರಿ 3,14,000. ಸಾಮಾನು ಮತ್ತು ಕೋಣೆಯ ವರ್ಷದ ಖರ್ಚು ಕಳೆದರೆ ಸುಮಾರು 1,90,000 ಉಳಿಯುತ್ತದೆ, ಗಂಟೆಗೆ 132 ರೂಪಾಯಿ. ಬ್ಲೌಸ್ ಕೂಲಿಯ 140ಕ್ಕೆ ಇದು ಸಮೀಪವಾಯಿತು.

"ಯಾರೂ ಬಾರದಿದ್ದರೆ?" ಅತ್ತಿಗೆಯ ಭಯ ಸಹಜವಾದದ್ದೇ, ಅದಕ್ಕೂ ಲೆಕ್ಕದಲ್ಲೇ ಉತ್ತರವಿದೆ. ಹಳೆಯ ಶುಲ್ಕದಲ್ಲಿ ವರ್ಷಕ್ಕೆ ಕೈಯಲ್ಲಿ ಉಳಿಯುತ್ತಿದ್ದದ್ದು 60,300. ಹೊಸ ಶುಲ್ಕದಲ್ಲಿ ಅಷ್ಟೇ ಉಳಿಯಲು ಎಷ್ಟು ಜನ ಬೇಕು ಎಂದು ಹಿಂದಿನಿಂದ ಲೆಕ್ಕ ಹಾಕಿದರೆ ಬ್ಲೌಸಿಗೆ 24 ಜನ, ಡಿಸೈನಿಗೆ 12 ಜನ ಸಾಕು. ಅಂದರೆ 46ರಲ್ಲಿ 22 ಜನ ಬಾರದೆ ಹೋದರೂ ಅತ್ತಿಗೆ ಹಿಂದೆ ಇದ್ದಲ್ಲೇ ಇರುತ್ತಾರೆ. ಅಷ್ಟೇ ಜನರಾದರೆ ಹೆಚ್ಚು ಕಡಿಮೆ ಒಂದೇ ಬ್ಯಾಚಿನಲ್ಲಿ ಕೆಲಸ ಮುಗಿಯುತ್ತದೆ, ಉಳಿದ ಅರ್ಧ ದಿನ ಆರ್ಡರ್ ಹೊಲಿಯಬಹುದು. ಶುಲ್ಕ ಏರಿಸುವ ಮುನ್ನ ಪ್ರತಿಯೊಬ್ಬರೂ ಹಾಕಿಕೊಳ್ಳಬೇಕಾದ ಲೆಕ್ಕ ಇದು: ಎಷ್ಟು ಜನ ಕಡಿಮೆಯಾದರೂ ನಾನು ಈಗಿನ ಸ್ಥಿತಿಗಿಂತ ಕೆಳಗಿಳಿಯುವುದಿಲ್ಲ?

ಒಟ್ಟಿಗೆ 5,500 ಎಣಿಸುವುದು ಎಲ್ಲರಿಗೂ ಆಗುವುದಿಲ್ಲ. ಸೇರುವಾಗ 3,000, ಇಪ್ಪತ್ತನೆಯ ತರಗತಿಗೆ ಮುಂಚೆ 2,500 ಎಂದು ಎರಡು ಕಂತು ಮಾಡಿದೆವು. ಎರಡನೆಯ ಕಂತು ಎರಡನೆಯ ತಿಂಗಳ ಕೊನೆಗೆ ಬಿದ್ದರೆ ಬ್ಲೌಸ್ ಕಲಿತು ಹೊರಟವರ ಬೆನ್ನು ಹತ್ತಬೇಕಾಗುತ್ತದೆ. ಬ್ಲೌಸ್ ಕಟಿಂಗ್ ಆರಂಭವಾಗುವ ಮುನ್ನ ಬಿದ್ದರೆ ಇಬ್ಬರಿಗೂ ಸ್ಪಷ್ಟ. ಮೊದಲ ಮೂರು ತರಗತಿಯೊಳಗೆ ಬೇಡವೆಂದರೆ ಸಾಮಾನಿನ 300 ಹಿಡಿದುಕೊಂಡು ಉಳಿದದ್ದನ್ನು ವಾಪಸು ಕೊಡುತ್ತಾರೆ, ಅಷ್ಟರೊಳಗೆ ಕಾಯುವ ಪಟ್ಟಿಯಲ್ಲಿರುವವರನ್ನು ಕೂರಿಸಬಹುದು. ಆ ನಂತರ ಹಣ ವಾಪಸಿಲ್ಲ. ಕಾಯಿಲೆ, ಬಾಣಂತನ, ಸಾವುನೋವು ಆದರೆ ಮುಂದಿನ ಬ್ಯಾಚಿನಲ್ಲಿ ಬಿಟ್ಟಲ್ಲಿಂದ ಸೀಟು. ಇದೆಲ್ಲ ರಸೀದಿಯ ಹಿಂದೆಯೇ ಅಚ್ಚಾಗಿದೆ. ದೊಡ್ಡ ಮನೆಪಾಠ ಕೇಂದ್ರ ನಡೆಸುವವರು ಒಂದನ್ನು ಗಮನಿಸಬೇಕು: ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿದ ಕೋಚಿಂಗ್ ಕೇಂದ್ರಗಳ ಮಾರ್ಗಸೂಚಿಯ ಪ್ರಕಾರ, ಐವತ್ತಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವಲ್ಲಿ ಮಧ್ಯದಲ್ಲಿ ಬಿಟ್ಟವರಿಗೆ ಉಳಿದ ಅವಧಿಯ ಶುಲ್ಕವನ್ನು ಹತ್ತು ದಿನದೊಳಗೆ ಹಿಂದಿರುಗಿಸಬೇಕು.

ಚೌಕಾಸಿ ಬಂದೇ ಬರುತ್ತದೆ. "ಟೀಚರ್, ಇಬ್ಬರು ಬರುತ್ತೇವೆ, ಐನೂರು ಬಿಡಿ" ಎಂದು ಅಕ್ಕತಂಗಿಯರು ಕೇಳುತ್ತಾರೆ. ಹೇಗಿದ್ದರೂ ತುಂಬುವ ಬೆಳಗಿನ ಬ್ಯಾಚಿನಲ್ಲಿ ಬಿಟ್ಟ ಐನೂರು ನೇರ ನಷ್ಟ. ಖಾಲಿ ಉಳಿಯಲಿರುವ ಸೀಟಿಗೆ ಮಾತ್ರ ಕಾಗದದ ಲೆಕ್ಕದಲ್ಲಿ ತಿಂಗಳಿಗೆ 150ರ ಮೇಲೆ ಎಷ್ಟು ಬಂದರೂ ಲಾಭವೇ. ಆದರೆ ಕೋಣೆಯೊಳಗೆ ಆರು ಜನ ಮೊಣಕೈ ತಾಗುವಷ್ಟು ಹತ್ತಿರ ಕುಳಿತಿರುತ್ತಾರೆ, ಯಾರು ಎಷ್ಟು ಕೊಟ್ಟರೆಂಬುದು ಮೂರನೆಯ ದಿನಕ್ಕೆ ಎಲ್ಲರಿಗೂ ಗೊತ್ತು. ಅದಕ್ಕೆ ಅತ್ತಿಗೆ ಶುಲ್ಕವನ್ನು ಮುಟ್ಟುವುದಿಲ್ಲ. ಸೀಟು ಖಾಲಿ ಬೀಳುವ ಆಷಾಢದಲ್ಲಿ ಬೇರೆಯದೇ ಒಂದನ್ನು ಇಡುತ್ತಾರೆ, ಸೀರೆಗೆ ಫಾಲ್ ಹಚ್ಚುವುದು ಮತ್ತು ಕುಚ್ಚು ಕಟ್ಟುವುದರ ಒಂದು ವಾರದ ತರಗತಿ. ವರ್ಷಕ್ಕೆ ಒಂದು ಸೀಟನ್ನು ಶುಲ್ಕವಿಲ್ಲದೆ ಕೊಡುವುದನ್ನೂ ಮುಂಚೆಯೇ ಬರೆದಿಟ್ಟಿದ್ದಾರೆ. ಕನಿಕರಕ್ಕೆ ಒಂದು ಸಾಲು ಲೆಕ್ಕದೊಳಗೇ ಇದ್ದರೆ ಕೇಳಿದವರಿಗೆಲ್ಲ ನೂರು, ಇನ್ನೂರು ಬಿಡುತ್ತಾ ಹೋಗುವ ಮುಜುಗರ ತಪ್ಪುತ್ತದೆ.

ಫೋನಿನಲ್ಲಿ ಹಣ ಪಡೆಯುವುದರ ಬಗ್ಗೆ ಒಂದು ಮಾತು. 2025ರ ಜುಲೈನಲ್ಲಿ ಯುಪಿಐ ಜಮೆ ನೋಡಿ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್ ಬಂದ ಮೇಲೆ ಅತ್ತಿಗೆಯೂ ಹೆದರಿದ್ದರು. ಸೇವೆಗಳಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷದ ವಹಿವಾಟು. ತರಗತಿ, ಆರ್ಡರ್ ಎಲ್ಲ ಸೇರಿಸಿದರೂ ಅವರು ಅದರ ಹತ್ತಿರವಿಲ್ಲ. ರಸೀದಿ ಪುಸ್ತಕವನ್ನು ಜೋಪಾನವಾಗಿ ಇಟ್ಟುಕೊಂಡರೆ ಸಾಕು.

ಹೊಸ ಫಲಕ ಹಾಕಿದ ಮೇಲಿನ ಮೊದಲ ಬೆಳಗಿನ ಬ್ಯಾಚಿಗೆ ಐದು ಜನ ಸೇರಿದರು. ಆರನೆಯ ಯಂತ್ರ ಖಾಲಿ ಇರುವುದನ್ನು ನೋಡಿ ಅತ್ತಿಗೆಗೆ ಮತ್ತೆ ಹಳೆಯ ಶುಲ್ಕಕ್ಕೆ ಇಳಿಯುವ ಮನಸ್ಸಾಯಿತು. ಐದು ಜನರಿಂದ ಎರಡು ತಿಂಗಳಿಗೆ 27,500. ಹಳೆಯ ಶುಲ್ಕದಲ್ಲಿ ಆರೂ ಜನ ಎರಡೂ ತಿಂಗಳು ತಪ್ಪದೆ ಕಟ್ಟಿದ್ದರೆ 21,600. ಕ್ಯಾಲ್ಕುಲೇಟರಿನಲ್ಲಿ ಇದನ್ನು ಅವರೇ ಎರಡು ಸಲ ಒತ್ತಿ ನೋಡಿದರು. ಎರಡು ಬ್ಯಾಚ್ ಸತತವಾಗಿ ನಾಲ್ಕಕ್ಕಿಂತ ಕಡಿಮೆಯಾದರೆ ಮೊದಲು ತರಗತಿಯ ಸಮಯವನ್ನು ಬದಲಿಸಿ ನೋಡುವುದು, ಆಮೇಲೆ ಶುಲ್ಕದ ಮಾತು. ಎರಡು ಬ್ಯಾಚ್ ಪೂರ್ತಿ ತುಂಬಿ ಮೂವರಾದರೂ ಕಾಯುವ ಪಟ್ಟಿಯಲ್ಲಿದ್ದರೆ ಐನೂರು ಏರಿಸುವುದು ಎಂದು ರಸೀದಿ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡಿದ್ದಾರೆ. ಖಾಲಿ ಉಳಿದ ಆ ಆರನೆಯ ಯಂತ್ರದಲ್ಲಿ ಆ ಎರಡು ತಿಂಗಳು, ತರಗತಿ ಇಲ್ಲದ ಹೊತ್ತಿನಲ್ಲಿ, ಮದುವೆಯ ಆರ್ಡರ್ ಬ್ಲೌಸುಗಳು ಮುಗಿದವು.